ಭಾಗಿಸುತ್ತ ಹೋದರೆ ಸಿಗುವ ವಿಲೋಮ

7ನ್ನು ಯಾವ ಸಂಖ್ಯೆಯಿಂದ ಗುಣಿಸಿ 60ರಿಂದ ಭಾಗಿಸಿದರೆ 1 ಉಳಿಯುತ್ತದೆ? ಗಡಿಯಾರದ ನಿಮಿಷದ ಮುಳ್ಳನ್ನು ಸಲಕ್ಕೆ ಏಳೇಳು ನಿಮಿಷ ಮುಂದಕ್ಕೆ ತಿರುಗಿಸುತ್ತ, ಹನ್ನೆರಡರ ಪಕ್ಕದ ಮೊದಲ ಗೀಟಿನ ಮೇಲೆ ನಿಲ್ಲಿಸಲು ಎಷ್ಟು ಸಲ ತಿರುಗಿಸಬೇಕು ಎಂದು ಕೇಳಿದ ಹಾಗೆ ಇದು. ಉತ್ತರ 43. ಏಕೆಂದರೆ 7 × 43 = 301; ಅದರಲ್ಲಿ ಐದು ಅರವತ್ತು ಕಳೆದರೆ 1. ಹೀಗಾಗಿ 60ರ ಮಾಡ್ಯುಲೊದಲ್ಲಿ 7ರ ವಿಲೋಮ 43.

ಆರ್‌ಎಸ್‌ಎ ಗೂಢಲಿಪಿಯ ಕೀಲಿ ಹುಟ್ಟುವುದು ಇಂಥ ಲೆಕ್ಕದಿಂದಲೇ. 7 ಮತ್ತು 11 ಎಂಬ ಎರಡು ಅವಿಭಾಜ್ಯಗಳನ್ನು ತೆಗೆದುಕೊಳ್ಳಿ. ಅವುಗಳ ಗುಣಲಬ್ಧ 77; ಒಂದೊಂದು ಕಳೆದು ಗುಣಿಸಿದರೆ 6 × 10 = 60. ಬಹಿರಂಗ ಕೀಲಿ 7 ಆದರೆ ಗುಟ್ಟಿನ ಕೀಲಿ 43. ಸಂದೇಶ 2 ಎಂದಿದ್ದರೆ, 2ರ ಏಳನೇ ಘಾತ 128. 77ರಿಂದ ಭಾಗಿಸಿದಾಗ ಉಳಿಯುವ 51ನ್ನು ಕಳುಹಿಸುತ್ತೇವೆ. 51ರ 43ನೇ ಘಾತವನ್ನು 77ರಿಂದ ಭಾಗಿಸಿದರೆ ಮತ್ತೆ 2 ಸಿಗುತ್ತದೆ. ನಿಜವಾದ ಕೀಲಿಗಳಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳಿರುವುದರಿಂದ ಒಂದೊಂದೇ ಸಂಖ್ಯೆಯನ್ನು ಹಾಕಿ ನೋಡಿ ವಿಲೋಮ ಹುಡುಕುವುದು ಆಗದ ಮಾತು.

ಇಲ್ಲಿ ನೆರವಿಗೆ ಬರುವುದು ಮ.ಸಾ.ಅ. ಕಂಡುಹಿಡಿಯಲು ಶಾಲೆಯಲ್ಲಿ ಕಲಿತ ಯೂಕ್ಲಿಡನ ಕ್ರಮ: ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಆ ಚಿಕ್ಕದನ್ನು ಶೇಷದಿಂದ ಭಾಗಿಸು, ಹೀಗೇ ಮುಂದುವರಿ. ಇದರ ವಿಸ್ತೃತ ರೂಪದಲ್ಲಿ ಪ್ರತಿ ಶೇಷದ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆದಿಡುತ್ತೇವೆ. ಆ ಶೇಷ ಬರಲು 7ನ್ನು ಎಷ್ಟರಿಂದ ಗುಣಿಸಬೇಕು ಎಂಬುದನ್ನು ಅದು ಹೇಳುತ್ತದೆ.

```
ಶೇಷ     7ರ ಗುಣಕ
60         0
 7         1
 4        -8
 3         9
 1       -17
```

60ರಲ್ಲಿ 7 ಎಂಟು ಸಲ ಹೋಗಿ 4 ಉಳಿಯುತ್ತದೆ. ಎಡಗಡೆ ಮಾಡಿದ್ದನ್ನೇ ಬಲಗಡೆಯೂ ಮಾಡಬೇಕು: 0 − 8 × 1 = −8. ಮುಂದೆ 7ರಲ್ಲಿ 4 ಒಂದು ಸಲ ಹೋಗುತ್ತದೆ; ಬಲಗಡೆ 1 − (−8) = 9. ಕೊನೆಗೆ 4ರಲ್ಲಿ 3 ಒಂದು ಸಲ; −8 − 9 = −17. ಶೇಷ 1 ಬಂದ ಸಾಲಿನ ಬಲಗಡೆ ಇರುವುದೇ ವಿಲೋಮ. ಋಣ ಸಂಖ್ಯೆ ಬಂದರೆ 60 ಕೂಡಿಸಿ. −17 ಹೀಗೆ 43 ಆಗುತ್ತದೆ.

ಎಲ್ಲಾದರೂ ಕೈತಪ್ಪಿದ್ದರೆ ಕೊನೆಯವರೆಗೆ ಕಾಯಬೇಕಿಲ್ಲ. ಯಾವ ಸಾಲನ್ನಾದರೂ ಅಲ್ಲೇ ಪರೀಕ್ಷಿಸಬಹುದು: 9 × 7 = 63, ಅದರ ಶೇಷ 3, ಸಾಲು ಸರಿ. 7ರ ಬದಲು 15 ತೆಗೆದುಕೊಂಡರೆ ಶೇಷ ನೇರವಾಗಿ 0 ಆಗುತ್ತದೆ, 1 ಬರುವುದೇ ಇಲ್ಲ. 15ರ ಗುಣಕಗಳನ್ನು 60ರಿಂದ ಭಾಗಿಸಿದಾಗ ಉಳಿಯುವುದು 0, 15, 30, 45 ಮಾತ್ರ. ಆದ್ದರಿಂದ 15ಕ್ಕೆ ವಿಲೋಮವೇ ಇಲ್ಲ.

ಭಾರತದಲ್ಲಿ ಇದೇ ಜಾತಿಯ ಲೆಕ್ಕಕ್ಕೆ ಕುಟ್ಟಕ ಎಂಬ ಹೆಸರಿತ್ತು. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಅದರ ವಿಧಾನವಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲೂ ಅದು ಬರುತ್ತದೆ.

ಈ ಕ್ರಮಕ್ಕೆ ಬೇಕಾಗಿರುವುದು ಶೇಷ ಉಳಿಯುವಂತೆ ಭಾಗಿಸುವ ಸೌಕರ್ಯವೊಂದೇ. ಬಹುಪದೋಕ್ತಿಗಳಲ್ಲೂ ಅದಿದೆ. 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಗೂಢಲಿಪಿಯಲ್ಲಿ ಎಂಟು ಬಿಟ್‌ಗಳ ಒಂದು ಬೈಟ್ ಎಂದರೆ ಒಂದು ಬಹುಪದೋಕ್ತಿ. 01010011 ಎಂಬ ಬೈಟ್ x^6+x^4+x+1 ಆಗುತ್ತದೆ. ಸಹಗುಣಕಗಳು 0 ಮತ್ತು 1 ಮಾತ್ರ; 1 + 1 = 0. ಹಾಗಾಗಿ ಕೂಡುವುದೂ ಕಳೆಯುವುದೂ ಒಂದೇ, ಋಣ ಚಿಹ್ನೆಯ ತಾಪತ್ರಯವಿಲ್ಲ. 60ರ ಜಾಗದಲ್ಲಿ x^8+x^4+x^3+x+1 ನಿಲ್ಲುತ್ತದೆ.

```
ಶೇಷ                    ಗುಣಕ
x^8+x^4+x^3+x+1       0
x^6+x^4+x+1           1
x^2                   x^2+1
x+1                   x^6+x^2+1
1                     x^7+x^6+x^3+x
```

ಮೂರು ಭಾಗಾಕಾರಗಳ ಭಾಗಲಬ್ಧ ಕ್ರಮವಾಗಿ x^2+1, x^4+x^2, x+1. ಕೊನೆಯ ಸಾಲಿನಲ್ಲಿ x+1ರಿಂದ x^6+x^2+1ನ್ನು ಗುಣಿಸಿ ಅದಕ್ಕೆ x^2+1 ಸೇರಿಸಿದಾಗ, ಎರಡೆರಡು ಸಲ ಬಂದ x^2 ಮತ್ತು 1 ಅಳಿದುಹೋಗುತ್ತವೆ. ಉಳಿದದ್ದು ವಿಲೋಮ, ಅಂದರೆ 11001010 ಎಂಬ ಬೈಟ್. ಕೈಯಲ್ಲಿ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಅಭ್ಯಾಸಬಲದಿಂದ 1 + 1ನ್ನು 2 ಎಂದು ಬರೆಯುತ್ತಾರೆ, ಇಲ್ಲವೇ ದಶಕ ಒಯ್ದಂತೆ ಪಕ್ಕದ ಸ್ಥಾನಕ್ಕೆ ಒಯ್ಯುತ್ತಾರೆ.

ಎಇಎಸ್ ಆರಿಸಿಕೊಂಡ ಎಂಟನೇ ಘಾತದ ಬಹುಪದೋಕ್ತಿಯನ್ನು ಇನ್ನೂ ಚಿಕ್ಕ ಅಪವರ್ತನಗಳಾಗಿ ಒಡೆಯಲು ಬರುವುದಿಲ್ಲ. ಆದ್ದರಿಂದ ಸೊನ್ನೆಯೊಂದನ್ನು ಬಿಟ್ಟು ಉಳಿದ 255 ಬೈಟ್‌ಗಳಿಗೂ ವಿಲೋಮ ಉಂಟು; ಅದಕ್ಕೇ ಅದು ಫೈನೈಟ್ ಫೀಲ್ಡ್. x^8+1 ಆರಿಸಿದ್ದರೆ x+1 ಅದರ ಅಪವರ್ತನವಾಗಿ, 60ರೆದುರು 15ಕ್ಕೆ ಆದ ಗತಿಯೇ ಅದಕ್ಕೂ ಆಗುತ್ತಿತ್ತು.

256 ಬೈಟ್‌ಗಳಿಗಾದರೆ ವಿಲೋಮಗಳನ್ನು ಮೊದಲೇ ಪಟ್ಟಿ ಮಾಡಿಡಬಹುದು. ದೊಡ್ಡ ಕೀಲಿಗಳಿಗೆ ಮಾತ್ರ ಈ ಕ್ರಮವೇ ಗತಿ, ಆದರೆ ಅಲ್ಲೊಂದು ಅಪಾಯವೂ ಇದೆ. ಎಷ್ಟು ಸಲ ಭಾಗಿಸಬೇಕು ಎಂಬುದು ಸಂಖ್ಯೆಯನ್ನೇ ಅವಲಂಬಿಸಿರುವುದರಿಂದ, ಲೆಕ್ಕಕ್ಕೆ ಹಿಡಿದ ಸಮಯವನ್ನು ಅಳೆಯುವವರಿಗೆ ಗುಟ್ಟಿನ ಸುಳಿವು ಸಿಗಬಹುದು. ಅದಕ್ಕೇ ಗೂಢಲಿಪಿ ತಂತ್ರಾಂಶ ಬರೆಯುವವರು, ಯಾವ ಸಂಖ್ಯೆ ಬಂದರೂ ಅಷ್ಟೇ ಹೆಜ್ಜೆ ಹಾಕುವಂತೆ ಈ ಕ್ರಮವನ್ನು ಮಾರ್ಪಡಿಸಿಕೊಳ್ಳುತ್ತಾರೆ.