‘ಅಲಾಯಿ ದೇವರು’ ಅಂತ ಯಾರು ಹೇಳಬೇಕು? ಎರಡು ಚಾನೆಲ್, ಒಂದು ಮೊಹರಂ ವಿಡಿಯೋ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಮೊಹರಂ ಬರೀ ಮುಸ್ಲಿಮರದ್ದಲ್ಲ. ಪಂಜಾ ಕೂರಿಸೋ ಕಡೆ ಹಿಂದೂ ಮನೆಯವರೂ ಸಕ್ಕರೆ ಓದಿಸ್ತಾರೆ, ಹರಕೆ ಹೊರ್ತಾರೆ, ಹೆಜ್ಜೆ ಮೇಳದಲ್ಲಿ ಕುಣೀತಾರೆ. ಕರ್ಬಲಾದ ಕಥೆಯನ್ನ ಅಚ್ಚ ಕನ್ನಡದಲ್ಲಿ ಹೇಳೋ ರಿವಾಯತ್ ಪದಗಳಿವೆ. ಕೊಲ್ಹಾರದ ಕಡೆ ಹೋಗಿ ಇದನ್ನ ಚಿತ್ರೀಕರಿಸೋಣ ಅಂತ ನಾವು ಪ್ಲಾನ್ ಮಾಡ್ತಾ ಇದ್ದೀವಿ. ವಚನ, ಭಜನೆ ಹಾಕೋ ಒಂದು ಚಾನೆಲ್ ಮತ್ತು ಮುಸ್ಲಿಂ ಗೆಳೆಯರು ನಡೆಸೋ ಒಂದು ಚಾನೆಲ್ ಸೇರಿ ಮಾಡೋ ಎಂಟು ನಿಮಿಷದ ವಿಡಿಯೋ ಇದು. ಕ್ಯಾಮೆರಾ ವಿಷಯಕ್ಕಿಂತ ಮೊದಲು ನಾವು ಸಿಕ್ಕಿಹಾಕಿಕೊಂಡಿದ್ದು ಪದಗಳಲ್ಲಿ.

ಪಂಜಾಗಳನ್ನ ಊರಲ್ಲಿ ‘ಅಲಾಯಿ ದೇವರು’ ಅಂತಾರೆ. ಈ ಮಾತು ಹಿಂದೂ ಭಕ್ತರ ಬಾಯಲ್ಲಿ ಸಹಜ. ಆದರೆ ಇಸ್ಲಾಂನಲ್ಲಿ ಅಲ್ಲಾಹನೊಬ್ಬನೇ ದೇವರು, ಪಂಜಾ ಒಂದು ನಿಶಾನೆ ಅಷ್ಟೇ. ಪಂಜಾ ಕೂರಿಸೋದನ್ನೇ ಒಪ್ಪದ ಮುಸ್ಲಿಮರೂ ಇದ್ದಾರೆ. ಆ ಚಾನೆಲ್‌ನ ನಿರೂಪಕನ ಬಾಯಲ್ಲಿ ನಾವು ‘ದೇವರು’ ಅಂತ ಹೇಳಿಸಿದ್ರೆ, ಅವನ ಪ್ರೇಕ್ಷಕರು ಅವನನ್ನೇ ಪ್ರಶ್ನೆ ಮಾಡ್ತಾರೆ. ವಿಡಿಯೋ ಮುಗಿದ ಮೇಲೂ ಅವನು ಅವರ ನಡುವೆಯೇ ಇರಬೇಕಲ್ಲ! ಹಾಗಂತ ಪದವನ್ನೇ ತೆಗೆದ್ರೆ ಊರಿನ ಅಜ್ಜಿಯ ಮಾತು ಸುಳ್ಳಾಗತ್ತೆ.

ಅದಕ್ಕೆ ಸ್ಕ್ರಿಪ್ಟಿಗೆ ಒಂದು ನಿಯಮ ಮಾಡಿಕೊಂಡ್ವಿ. ತನ್ನ ನಂಬಿಕೆಯ ಬಗ್ಗೆ ಅವರವರೇ ಮಾತಾಡಬೇಕು, ಇನ್ನೊಬ್ಬರ ನಂಬಿಕೆಯ ಬಗ್ಗೆ ಬರೀ ಪ್ರಶ್ನೆ ಕೇಳಬಹುದು. ‘ಅಲಾಯಿ ದೇವರು’ ಅನ್ನೋದು ಹರಕೆ ಹೊತ್ತವರ ಮಾತಿನಲ್ಲೇ ಬರತ್ತೆ. ಮುಸ್ಲಿಂ ನಿರೂಪಕ ‘ಪಂಜಾ’ ಅಂತಾನೆ. ಭಜನೆ ಚಾನೆಲ್‌ನ ಹುಡುಗಿ ಅವನನ್ನ ನೇರವಾಗಿ ಕೇಳ್ತಾಳೆ: “ಇಲ್ಲಿಯವರು ದೇವರು ಅಂತಾರಲ್ಲ, ನಿಮಗೆ ಹೇಗನ್ಸತ್ತೆ?” ಅವನ ಉತ್ತರವನ್ನ ನಾವು ಬರೆದುಕೊಡಲ್ಲ. ಇಬ್ಬರ ಉತ್ತರವೂ ಒಂದೇ ಆಗಲೇಬೇಕು ಅಂತ ಹಟ ಹಿಡಿದ್ರೆ ಅದು ಸರ್ಕಾರಿ ಜಾಹೀರಾತಿನ ಥರ ಆಗೋಗತ್ತೆ.

ಟೋನ್ ಕೂಡ ಇಲ್ಲೇ ತೀರ್ಮಾನ ಆಗತ್ತೆ. ಮೊಹರಂ ತಿಂಗಳ ಹತ್ತನೇ ದಿನ ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಹತರಾದ ದಿನ. ಊರಲ್ಲಿ ಹಲಗೆ ಇದೆ, ಕುಣಿತ ಇದೆ, ಚೊಂಗೆ ಇದೆ, ಜನ ‘ಹಬ್ಬ’ ಅಂತಲೇ ಕರೀತಾರೆ. ಆದರೂ ‘ಹ್ಯಾಪಿ ಮೊಹರಂ’ ಅಂತ ಥಂಬ್‌ನೇಲ್ ಹಾಕಿದ್ರೆ ದುಃಖದ ದಿನಕ್ಕೆ ಶುಭಾಶಯ ಹೇಳಿದಂಗೆ. ಅದಕ್ಕೆ ಕುಣಿತದ ದೃಶ್ಯಕ್ಕೆ ಮೇಲಿಂದ ಸಂಗೀತ ಸೇರಿಸದೆ ಸ್ಥಳದ ಸದ್ದನ್ನೇ ಇಡ್ತೀವಿ. ಒಂಬತ್ತನೇ ರಾತ್ರಿಗೆ ‘ಕತಲ್ ರಾತ್ರಿ’ ಅಂತ ಹೆಸರು. ಅರಬ್ಬಿಯಲ್ಲಿ ಕತ್ಲ್ ಅಂದ್ರೆ ಕೊಲೆ, ನಮ್ಮ ಜನರ ಬಾಯಲ್ಲಿ ಅದೇ ‘ಕತ್ತಲ ರಾತ್ರಿ’ ಆಗಿದೆ. ವಿಡಿಯೋ ಶುರು ಮಾಡೋಕೆ ನಮಗೆ ಇದಕ್ಕಿಂತ ಒಳ್ಳೆ ಸಾಲು ಸಿಗಲಿಲ್ಲ.

ಸ್ಕ್ರಿಪ್ಟ್ ಮುಗಿದ ಮೇಲೆ ಒಂದು ಪರೀಕ್ಷೆ ಇದೆ. ಪ್ರತಿ ಹತ್ತು ಸೆಕೆಂಡಿನ ಮಾತನ್ನ ಹಿಂದೆ ಮುಂದೆ ಇಲ್ಲದೆ ಓದಿ ನೋಡಬೇಕು, ಯಾಕಂದ್ರೆ ವಾಟ್ಸಾಪ್‌ನಲ್ಲಿ ಓಡಾಡೋದು ಅಷ್ಟೇ ತುಂಡು. “ಇದು ನಮ್ಮ ಧರ್ಮದಲ್ಲಿ ಇಲ್ಲ, ಆದರೂ ನಾವು ಬರ್ತೀವಿ” ಅನ್ನೋ ಮಾತಲ್ಲಿ ‘ಆದರೂ’ಗೆ ಮುಂಚೆ ಕತ್ತರಿಸಿದ್ರೆ ಅರ್ಥವೇ ಉಲ್ಟಾ. “ನಾವು ಪ್ರತಿ ವರ್ಷ ಬರ್ತೀವಿ, ನಮ್ಮ ಧರ್ಮದಲ್ಲಿ ಇಲ್ಲದಿದ್ರೂ” ಅಂತ ತಿರುಗಿಸಿದ್ರೆ ಆ ಅಪಾಯ ಕಡಿಮೆ. ಫೈನಲ್ ಕಟ್‌ಗೂ ಇಬ್ಬರ ಒಪ್ಪಿಗೆ ಬೇಕು. ಯೂಟ್ಯೂಬಿಗೆ ಏರಿಸಿದ ಫೈಲನ್ನ ಅದೇ ಲಿಂಕಿನಲ್ಲಿ ಬದಲಾಯಿಸೋಕೆ ಆಗಲ್ಲ, ಕತ್ತರಿಸೋದಂಥ ಸಣ್ಣ ತಿದ್ದುಪಡಿ ಮಾಡಬಹುದು ಅಷ್ಟೇ.

ಇನ್ನು ಪ್ರಚಾರ. ಒಂದೇ ವಿಡಿಯೋವನ್ನ ಎರಡೂ ಚಾನೆಲ್‌ನಲ್ಲಿ ಹಾಕೋದು ಬೇಡ. ವೀಕ್ಷಣೆಯೂ ಕಾಮೆಂಟೂ ಎರಡು ಪಾಲಾಗತ್ತೆ, ಆ ಕಡೆಯವರು ಆ ಕಡೆಯೇ ಉಳೀತಾರೆ. ನಮ್ಮ ಯೋಜನೆಯಲ್ಲಿ ಪೂರ್ತಿ ವಿಡಿಯೋ ಭಜನೆ ಚಾನೆಲ್‌ನಲ್ಲಿ, ಒಂದು ಪೂರ್ತಿ ರಿವಾಯತ್ ಪದ ಅರ್ಥದ ಜೊತೆ ಇನ್ನೊಂದರಲ್ಲಿ, ಒಂದೇ ದಿನ ಒಂದೇ ಹೊತ್ತಿಗೆ. ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡಿನಲ್ಲಿ ಮಾತ್ರ ಬರೋದ್ರಿಂದ, ಆ 20 ಸೆಕೆಂಡಿಗೆ ಮಾತು ಮೊದಲೇ ಬರೆದಿಡಬೇಕು. ಆಯಾ ಚಾನೆಲ್‌ನವರೇ ತಮ್ಮ ಪ್ರೇಕ್ಷಕರಿಗೆ “ಮಿಕ್ಕಿದ್ದು ಅಲ್ಲಿದೆ, ಹೋಗಿ ನೋಡ್ರಿ” ಅಂತ ಹೇಳ್ತಾರೆ. ಪದ ಹಾಡೋ ಮೇಳದವರ ಒಪ್ಪಿಗೆ ಬರಹದಲ್ಲಿ ಬೇಕು. ಹಳೇ ಕ್ಯಾಸೆಟ್ ಧ್ವನಿ ಬಳಸಿದ್ರೆ ಹಕ್ಕುಸ್ವಾಮ್ಯದ ಕ್ಲೇಮ್ ಬರಬಹುದು, ಹಾಗಾಗಿ ನಾವೇ ರೆಕಾರ್ಡ್ ಮಾಡ್ತೀವಿ.

ಮೊದಲ ಎರಡು ದಿನ ಕಾಮೆಂಟುಗಳನ್ನ ಪರಿಶೀಲನೆಗೆ ತಡೆಹಿಡಿದು ನಂತರ ಬಿಡ್ತೀವಿ. ತನ್ನ ಸಮುದಾಯದವರ ಸಿಟ್ಟಿಗೆ ಆ ಚಾನೆಲ್‌ನವರೇ ಉತ್ತರ ಕೊಡಬೇಕು, ಅತಿಥಿಯಲ್ಲ. ಆಮೇಲೆ ರಿಟೆನ್ಷನ್ ಗ್ರಾಫ್ ನೋಡಬೇಕು: ಅತಿಥಿ ಬರೋ ಸೆಕೆಂಡಿಗೇ ಗೆರೆ ಧಡಕ್ಕನೆ ಇಳಿದ್ರೆ, ಅವನನ್ನ ಪರಿಚಯಿಸಿದ ರೀತಿ ಸರಿಯಿಲ್ಲ ಅಂತಲೇ ಮೊದಲು ಅನುಮಾನ ಪಡಬೇಕು.

ದಿನಾಂಕ ಇನ್ನೂ ಪಕ್ಕಾ ಆಗಿಲ್ಲ. ಮೊಹರಂ ಪ್ರತಿ ವರ್ಷ 10-11 ದಿನ ಹಿಂದೆ ಸರಿಯತ್ತೆ, ಚಂದ್ರ ಕಂಡ ಮೇಲೇ ಖಚಿತ. ಅದಕ್ಕೆ ಕ್ಯಾಮೆರಾವನ್ನ ಒಂದು ದಿನ ಹೆಚ್ಚಿಗೇ ಬಾಡಿಗೆಗೆ ಹೇಳಿದ್ದೀವಿ. ಆ ದಿನ ಉಳಿದ್ರೆ ಕೊಲ್ಹಾರದ ಗಟ್ಟಿ ಮೊಸರಿಗೆ.