ಬೆರಳು ಬೀಳ್ತಿಲ್ಲ, ಮುಖ ಮ್ಯಾಚ್ ಆಗ್ತಿಲ್ಲ: ಎಕ್ಸಾಮ್ ಗೇಟಲ್ಲಿ ಏನು ಮಾಡೋದು?

ಎಕ್ಸಾಮ್ ಸೆಂಟರಲ್ಲಿ ನಿಮ್ಮ ಬೆರಳಚ್ಚು ತಗೊಳ್ಳೋ ಮಷೀನ್ ಎರಡು ಕೆಲಸಗಳಲ್ಲಿ ಯಾವುದನ್ನು ಮಾಡ್ತಿದೆ ಅಂತ ಮೊದಲು ಗೊತ್ತಿರಬೇಕು. ಒಂದು, ಬರೀ ಅಚ್ಚು ತಗೊಂಡು ಇಟ್ಟುಕೊಳ್ಳೋದು. ಇನ್ನೊಂದು, ಮೊದಲೇ ಇರುವ ಅಚ್ಚಿಗೆ ಹೋಲಿಸಿ ನೋಡೋದು. ಕೆಲವು ನೇಮಕಾತಿ ಪರೀಕ್ಷೆಗಳಲ್ಲಿ ಬರೆಯುವವರ ಅಚ್ಚನ್ನು ಪರೀಕ್ಷೆ ದಿನ ತಗೊಂಡು, ಆಮೇಲೆ ಕೆಲಸಕ್ಕೆ ಸೇರುವಾಗ ಹೋಲಿಸ್ತಾರೆ. ಅಂದ್ರೆ ಮೊದಲ ಸಲ "ಮ್ಯಾಚ್ ಆಗಲಿಲ್ಲ" ಅನ್ನೋ ಪ್ರಶ್ನೆಯೇ ಇಲ್ಲ, ಹೋಲಿಸೋಕೆ ಅಲ್ಲಿ ಏನೂ ಇರಲ್ಲ. ಮಷೀನ್ ಕೆಂಪು ತೋರಿಸಿದ್ರೆ ಚಿತ್ರ ಸರಿಯಾಗಿ ಬಂದಿಲ್ಲ ಅಂತ ಅಷ್ಟೇ ಅರ್ಥ.

ಯಾಕೆ ಬರಲ್ಲ? ಆಪ್ಟಿಕಲ್ ಸ್ಕ್ಯಾನರ್‌ನಲ್ಲಿ ನಡೆಯೋದು ನಾವು ಫಿಸಿಕ್ಸ್‌ನಲ್ಲಿ ಓದಿದ ಟೋಟಲ್ ಇಂಟರ್ನಲ್ ರಿಫ್ಲೆಕ್ಷನ್. ಬೆರಳಿನ ಗೆರೆ ಗಾಜಿಗೆ ತಾಗಿದ ಕಡೆ ರಿಫ್ಲೆಕ್ಷನ್ ಕೆಟ್ಟು ಕಪ್ಪಾಗುತ್ತೆ. ಗೆರೆಗಳ ಮಧ್ಯದ ಸಂದಿಯಲ್ಲಿ ಗಾಳಿ ಇರುವುದರಿಂದ ಅದು ಬೆಳ್ಳಗೆ ಕಾಣುತ್ತೆ. ಚರ್ಮ ಒಣಗಿದ್ರೆ ಗೆರೆ ಪೂರ್ತಿ ತಾಗದೆ ತುಂಡು ತುಂಡಾಗಿ ಬರುತ್ತೆ. ಬೆವರಿದ್ರೆ ಸಂದಿಯಲ್ಲೂ ನೀರು ತುಂಬಿ ಎಲ್ಲಾ ಒಂದೇ ಕಪ್ಪು ಮಚ್ಚೆ ಆಗುತ್ತೆ. ಹಾಗಾಗಿ ಎರಡಕ್ಕೂ ಒಂದೇ ಮದ್ದಲ್ಲ. ಬೆವರಿದ್ರೆ ಬೆರಳನ್ನೂ ಗಾಜನ್ನೂ ಒರೆಸಬೇಕು. ಒಣಗಿದ್ರೆ ಬೆರಳಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟು ತಕ್ಷಣ ಇಡಬೇಕು. ಜೋರಾಗಿ ಒತ್ತಿದ್ರೆ ಗೆರೆಗಳು ಚಪ್ಪಟೆಯಾಗಿ ಇನ್ನೂ ಹಾಳಾಗುತ್ತೆ, ಆದ್ರೂ ಎಲ್ಲರೂ ಮಾಡೋದು ಅದನ್ನೇ!

ನಮ್ಮ ಸಿವಿಲ್ ಸೀನಿಯರ್ ಒಬ್ಬರು ಪ್ರಾಜೆಕ್ಟ್‌ಗೋಸ್ಕರ ವಾರಗಟ್ಟಲೆ ಬರಿಗೈಯಲ್ಲಿ ಕಾಂಕ್ರೀಟ್ ಕ್ಯೂಬ್ ಹಾಕಿದ್ರು. ಹಸಿ ಸಿಮೆಂಟ್ ಕ್ಷಾರ, ಚರ್ಮ ತಿನ್ನುತ್ತೆ. ಆಮೇಲೆ ಒಂದು ನೇಮಕಾತಿ ಪರೀಕ್ಷೆಗೆ ಹೋದಾಗ ಎಡ ಹೆಬ್ಬೆರಳು ನಾಲ್ಕು ಸಲ ಇಟ್ಟರೂ ಬರಲಿಲ್ಲ. "ಸರ್, ಬೇರೆ ಬೆರಳು ತಗೋಬಹುದಾ?" ಅಂತ ಕೇಳಿದ್ರು. ಮಧ್ಯದ ಬೆರಳು ಮೊದಲ ಸಲಕ್ಕೇ ಬಂತು. ಅವರು ಮಾಡಿದ ಜಾಣ ಕೆಲಸ ಏನಂದ್ರೆ, ಯಾವ ಬೆರಳು ಅಂತ ದಾಖಲೆಯಲ್ಲಿ ಬರೆಸಿ, ಹೊರಗೆ ಬಂದಮೇಲೆ ತಾವೂ ಬರೆದಿಟ್ಟುಕೊಂಡ್ರು. ಮುಂದೆ ಹೋಲಿಸುವಾಗ ಹೆಬ್ಬೆರಳು ಇಟ್ಟರೆ ಮ್ಯಾಚ್ ಆಗಲ್ಲವಲ್ಲ. ಬೆರಳಿಗೆ ಗಾಯ ಆಗಿದ್ರೆ ಕೂಡಲೇ ತಿಳಿಸಬೇಕು, ಬೇರೆ ಬೆರಳು, ಕಾಲ್ಬೆರಳು ಸಹ ತಗೋಬಹುದು ಅಂತ ಐಬಿಪಿಎಸ್ ಕಾಲ್ ಲೆಟರ್‌ಗಳಲ್ಲೇ ಇತ್ತು. ಮೆಹಂದಿ, ಇಂಕ್ ಹಚ್ಚಿಕೊಂಡು ಬರಬೇಡಿ ಅಂತಾನೂ ಇತ್ತು. ಮದುವೆ ಸೀಸನ್‌ನಲ್ಲಿ ನೆನಪಿಟ್ಟುಕೊಳ್ಳಿ.

ಆಧಾರ್ ಮೂಲಕ ಗುರುತು ನೋಡುವ ಕಡೆ ಕಥೆ ಬೇರೆ. ಎಸ್‌ಎಸ್‌ಸಿ 2025ರಲ್ಲಿ ಇದನ್ನು ಶುರು ಮಾಡಿತು. ಇಲ್ಲಿ ನಿಜವಾಗಿ ಹೋಲಿಕೆ ನಡೆಯುತ್ತೆ. ಫೇಲ್ ಆದ್ರೆ ಆಪರೇಟರ್ ಹತ್ರ ಎರರ್ ಕೋಡ್ ಏನು ಅಂತ ಕೇಳಿ. 330 ಬಂದ್ರೆ ನಿಮ್ಮ ಬಯೋಮೆಟ್ರಿಕ್ ಅನ್ನು ನೀವೇ ಲಾಕ್ ಮಾಡಿದ್ದೀರಿ, ಬೆರಳು ಎಷ್ಟು ಒರೆಸಿದ್ರೂ ಪ್ರಯೋಜನ ಇಲ್ಲ. ಹಿಂದಿನ ದಿನವೇ ಆಧಾರ್ ಆಪ್‌ನಲ್ಲಿ ನೋಡಿ ಲಾಕ್ ತೆಗೆದಿರಬೇಕು, ಗೇಟ್ ಒಳಗೆ ಫೋನ್ ಇರಲ್ಲ. 300 ಬಂದ್ರೆ ಅಚ್ಚು ಹೊಂದಲಿಲ್ಲ ಅಂತ. ನಮ್ಮ ವಯಸ್ಸಿನವರಿಗೆ ಇದಕ್ಕೆ ಒಂದು ವಿಶೇಷ ಕಾರಣ ಇರಬಹುದು. ಆಧಾರ್‌ನಲ್ಲಿ 5 ವರ್ಷಕ್ಕೆ ಒಮ್ಮೆ, 15 ವರ್ಷಕ್ಕೆ ಇನ್ನೊಮ್ಮೆ ಬಯೋಮೆಟ್ರಿಕ್ ಅಪ್‌ಡೇಟ್ ಕಡ್ಡಾಯ. ಎರಡನೇದು ಮಾಡಿಸದೆ ಬಿಟ್ಟಿದ್ರೆ ಸರ್ವರ್‌ನಲ್ಲಿರೋದು ನಿಮ್ಮ ಚಿಕ್ಕ ವಯಸ್ಸಿನ ಬೆರಳು! ಅದನ್ನು ಆಧಾರ್ ಕೇಂದ್ರದಲ್ಲಿ ಮಾತ್ರ ಸರಿಮಾಡಿಸಬಹುದು, ಎಕ್ಸಾಮ್ ಗೇಟಲ್ಲಿ ಅಲ್ಲ.

ಇನ್ನು ಮುಖ. ಸಾಫ್ಟ್‌ವೇರ್ ಎರಡು ಫೋಟೋಗಳನ್ನೂ ಸಂಖ್ಯೆಗಳ ಸಾಲಾಗಿ ಮಾಡಿ, ಅವುಗಳ ನಡುವಿನ ಅಂತರ ಒಂದು ಮಿತಿಯೊಳಗೆ ಇದೆಯಾ ಅಂತ ನೋಡುತ್ತೆ. ಬರೀ ಗಡ್ಡ ಬಿಟ್ಟಿದ್ದಕ್ಕೇ ಇದು ಸಾಮಾನ್ಯವಾಗಿ ಕೆಡಲ್ಲ. ಕೆಡಿಸೋದು ಫೋನಿನ ಬ್ಯೂಟಿ ಮೋಡ್, ಅದು ದವಡೆ ಸಣ್ಣ ಮಾಡಿ ಕಣ್ಣು ದೊಡ್ಡದು ಮಾಡಿಬಿಡುತ್ತೆ. ಪಿಯುಸಿ ಕಾಲದ ಹಳೇ ಫೋಟೋ, ಕನ್ನಡಕದ ಹೊಳಪು, ಬೆನ್ನ ಹಿಂದಿನ ಬಿಸಿಲು ಕೂಡ ಕೆಡಿಸ್ತವೆ. ಫೇಲ್ ಆದ್ರೆ ಕನ್ನಡಕ ತೆಗೆದು, ಬೆಳಕು ಮುಖದ ಮೇಲೆ ಬೀಳೋ ಹಾಗೆ ತಿರುಗಿ ನಿಂತು ಇನ್ನೊಮ್ಮೆ ತೆಗೆಯೋಕೆ ಹೇಳಿ. ಆಗಲೂ ಆಗಲಿಲ್ಲ ಅಂದ್ರೆ ಆಪರೇಟರ್ ಜೊತೆ ವಾದ ಮಾಡ್ಬೇಡಿ, ತೀರ್ಮಾನ ಅವರದ್ದಲ್ಲ. ಸೆಂಟರ್ ಸೂಪರಿಂಟೆಂಡೆಂಟ್ ಅವರನ್ನು ಕರೆಸಿ, ಒರಿಜಿನಲ್ ಐಡಿ ತೋರಿಸಿ, ಕೈಯಲ್ಲೇ ಪರಿಶೀಲಿಸೋಕೆ ಕೇಳಿ. ಅಪಘಾತ, ಆಪರೇಷನ್‌ನಿಂದ ಮುಖ ಬದಲಾಗಿದ್ರೆ ಆಸ್ಪತ್ರೆಯ ಕಾಗದ ಜೊತೆಗಿರಲಿ. ಮುಚ್ಚಳಿಕೆ ಬರೆಸಿಕೊಂಡು ಒಳಗೆ ಬಿಟ್ಟರೆ, ಅದರಲ್ಲಿ ಕಾರಣ ಮತ್ತು ಸಮಯ ಸರಿಯಾಗಿದೆಯಾ ಅಂತ ಓದಿ ಸೈನ್ ಮಾಡಿ. ಇದಕ್ಕೆಲ್ಲಾ ಇಪ್ಪತ್ತು ನಿಮಿಷ ಹಿಡಿಯಬಹುದು, ಗೇಟ್ ಮುಚ್ಚೋ ಹೊತ್ತಿಗೆ ಓಡಿ ಬಂದವರಿಗೆ ಅಷ್ಟು ಟೈಮ್ ಇರಲ್ಲ.