ಬೆಂಕಿ ಆರಿದ ಮೇಲಿನ ಲೆಕ್ಕ

ಬಟ್ಟೆ ಅಂಗಡಿಗೆ ಬೆಂಕಿ ಬಿದ್ದ ಮಾರನೆಯ ದಿನ ಮಾಲೀಕರ ಕಿವಿಗೆ ಬೀಳುವ ಸಲಹೆ ಹೆಚ್ಚಾಗಿ ಒಂದೇ: "ಸರ್ವೇಯರ್ ಹೇಗಿದ್ರೂ ಕಡಿಮೆ ಮಾಡ್ತಾರೆ, ನೀವು ಸ್ವಲ್ಪ ಜಾಸ್ತಿನೇ ಬರೀರಿ." ಹೇಳುವವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಈ ಮಾತು ಕೇಳಿದವರು ಎಷ್ಟು ಕಳೆದುಕೊಳ್ಳಬಹುದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ದಾವಣಗೆರೆಯಲ್ಲೊಂದು ಸೀರೆ ಅಂಗಡಿ ಇದೆ ಎಂದುಕೊಳ್ಳೋಣ. ದಾಸ್ತಾನಿಗೆ 20 ಲಕ್ಷ ರೂಪಾಯಿಯ ಬೆಂಕಿ ವಿಮೆ ಇದೆ. ಅಕ್ಟೋಬರ್ ಕೊನೆಯಲ್ಲಿ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಹತ್ತಿತು. ಮಾಲೀಕರು 21 ಲಕ್ಷದ ಕ್ಲೇಮು ಹಾಕಿದರು. ದೊಡ್ಡ ನಷ್ಟವನ್ನು ಪರವಾನಗಿ ಪಡೆದ ಸರ್ವೇಯರ್ ಅಳೆಯಬೇಕೆಂದು 1938ರ ವಿಮಾ ಕಾಯ್ದೆ ಹೇಳುತ್ತದೆ. ಹಾಗಾಗಿ ಸರ್ವೇಯರ್ ಬಂದರು.

ಅವರು ಮೊದಲು ನೋಡುವುದು ಸುಟ್ಟ ರಾಶಿಯನ್ನು. ಒತ್ತಾಗಿ ಜೋಡಿಸಿದ ಬಟ್ಟೆ ಪೂರ್ತಿ ಬೂದಿಯಾಗುವುದು ಅಪರೂಪ. ಅಂಚು ಕರಕಲಾಗುತ್ತದೆ, ಮಡಿಕೆಯ ಒಳಗೆ ಗಾಳಿ ಆಡದ ಕಡೆ ಬಣ್ಣ ಕೂಡ ಉಳಿದಿರುತ್ತದೆ. ಅಂಥ ಕಟ್ಟುಗಳನ್ನು ಬಿಡಿಸಿ ಎಣಿಸುತ್ತಾರೆ. ರ‍್ಯಾಕುಗಳ ಅಳತೆ ತೆಗೆದು, ಒಂದು ಖಾನೆಗೆ ಎಷ್ಟು ಸೀರೆ ಹಿಡಿಸುತ್ತಿತ್ತು ಎಂದು ಸುಡದೆ ಉಳಿದ ಖಾನೆ ನೋಡಿ ಅಂದಾಜು ಮಾಡುತ್ತಾರೆ. ಇಡಲು ಜಾಗವೇ ಇಲ್ಲದಷ್ಟು ಮಾಲು ಸುಟ್ಟಿತೆಂದರೆ ಅನುಮಾನ ಅಲ್ಲೇ ಶುರುವಾಗುತ್ತದೆ.

ಆಮೇಲೆ ಪುಸ್ತಕಗಳ ಸರದಿ. ಏಪ್ರಿಲ್ 1ಕ್ಕೆ ಇದ್ದ ದಾಸ್ತಾನು 18 ಲಕ್ಷ. ಅಲ್ಲಿಂದ ಬೆಂಕಿಯ ದಿನದವರೆಗಿನ ಖರೀದಿ 42 ಲಕ್ಷ. ಮಾರಾಟ 50 ಲಕ್ಷ. ಹಿಂದಿನ ವರ್ಷಗಳ ಲೆಕ್ಕದಲ್ಲಿ ಈ ಅಂಗಡಿಯ ಲಾಭ ಮಾರಾಟದ ಶೇಕಡ 20. ಅಂದರೆ ಮಾರಿದ ಮಾಲಿನ ಅಸಲು 40 ಲಕ್ಷ. 18 ಮತ್ತು 42 ಕೂಡಿಸಿ 40 ಕಳೆದರೆ ಅಂಗಡಿಯಲ್ಲಿ ಇದ್ದದ್ದು 20 ಲಕ್ಷದ ಮಾಲು. 6 ಲಕ್ಷದ್ದು ಚೆನ್ನಾಗಿ ಉಳಿದಿದೆ. ಸುಟ್ಟದ್ದು 14 ಲಕ್ಷ.

ಉಳಿದ 7 ಲಕ್ಷಕ್ಕೆ ಮಾಲೀಕರು ಸೂರತ್ತಿನ ಒಂದು ಬಿಲ್ಲು ಕೊಟ್ಟರು. ಅಸಲಿ ಬಿಲ್ಲಾದರೆ ಅದರ ಗುರುತು ಹಲವು ಕಡೆ ಇರುತ್ತದೆ. ಮಾರಿದವರು ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ ಅದು ಕೊಂಡವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತದೆ. ಅಷ್ಟು ಬೆಲೆಯ ಮಾಲು ರಾಜ್ಯದಿಂದ ರಾಜ್ಯಕ್ಕೆ ಬರಲು ಇ-ವೇ ಬಿಲ್ ಬೇಕು, ಅದರಲ್ಲಿ ಲಾರಿಯ ನಂಬರು ಇರುತ್ತದೆ. ಟ್ರಾನ್ಸ್‌ಪೋರ್ಟಿನವರ ರಸೀದಿ ಇರುತ್ತದೆ, ಬ್ಯಾಂಕಿನಿಂದ ಹಣ ಹೋಗಿರುತ್ತದೆ. ಇವೊಂದೂ ಇಲ್ಲದ ಬಿಲ್ಲು ಕೈಗೆ ಸಿಕ್ಕಾಗ ಕಂಪನಿ ಪ್ರತ್ಯೇಕ ತನಿಖೆದಾರರನ್ನು ನೇಮಿಸಿ ಸೂರತ್ತಿನ ವಿಳಾಸಕ್ಕೇ ಕಳಿಸಬಹುದು.

ಇಲ್ಲಿಂದ ಮುಂದೆ ಚರ್ಚೆ ಆ 7 ಲಕ್ಷಕ್ಕೆ ಮಾತ್ರ ನಿಲ್ಲುವುದಿಲ್ಲ. ಕ್ಲೇಮು ಯಾವುದೇ ಭಾಗದಲ್ಲಿ ಮೋಸದ್ದಾಗಿದ್ದರೆ, ಅಥವಾ ಅದಕ್ಕೆ ಸುಳ್ಳು ಹೇಳಿಕೆಯನ್ನು ಬಳಸಿದ್ದರೆ, ಪಾಲಿಸಿಯ ಎಲ್ಲ ಪ್ರಯೋಜನವೂ ರದ್ದು ಎಂಬ ಷರತ್ತು ನಮ್ಮ ಬೆಂಕಿ ವಿಮೆಯಲ್ಲಿ ಇದೆ. ನಿಜವಾಗಿ ಸುಟ್ಟ 14 ಲಕ್ಷವೂ ಅದರ ಜೊತೆ ಹೋಗುತ್ತದೆ. ವಂಚನೆಯ ಮೊಕದ್ದಮೆ ಹೂಡಿದರೆ ಅದು ಬೇರೆ.

ಸಿಕ್ಕಿಬೀಳಲಿಲ್ಲ ಎಂದೇ ಇಟ್ಟುಕೊಳ್ಳಿ. 21 ಲಕ್ಷದ್ದು ಸುಟ್ಟು 6 ಲಕ್ಷದ್ದು ಉಳಿಯಿತು ಎಂದರೆ ಅಂಗಡಿಯಲ್ಲಿ 27 ಲಕ್ಷದ ಮಾಲು ಇತ್ತು ಎಂದು ಒಪ್ಪಿದಂತೆ. ವಿಮೆ ಇದ್ದದ್ದು 20 ಲಕ್ಷಕ್ಕೆ. ವಿಮೆ ಕಡಿಮೆ ಇದ್ದರೆ ನಷ್ಟವನ್ನೂ ಅದೇ ಪ್ರಮಾಣದಲ್ಲಿ ಇಳಿಸುವ ನಿಯಮವಿದೆ, ಸರಾಸರಿ ಷರತ್ತು ಎನ್ನುತ್ತಾರೆ. ಸಣ್ಣ ಕೊರತೆಯನ್ನು ಮಾಫಿ ಮಾಡುವ ಪಾಲಿಸಿಗಳೂ ಇವೆ, ಈ ಅಂಗಡಿಯದು ಅಂಥದ್ದಲ್ಲ. ಹಾಗಾಗಿ 21 ಲಕ್ಷದ 27ರಲ್ಲಿ 20 ಪಾಲು, ಅಂದರೆ ಸುಮಾರು 15.5 ಲಕ್ಷ ಕೈಗೆ ಬರುತ್ತದೆ. ನಿಜ ಹೇಳಿದ್ದರೆ ದಾಸ್ತಾನು 20, ವಿಮೆಯೂ 20, ಆದ್ದರಿಂದ ಅವಶೇಷದ ಬೆಲೆ ಮತ್ತು ಪಾಲಿಸಿಯ ಸಣ್ಣ ಕಡಿತ ಬಿಟ್ಟರೆ 14 ಲಕ್ಷವೂ ಸಿಗುತ್ತಿತ್ತು. ಒಂದೂವರೆ ಲಕ್ಷದ ಆಸೆಗೆ 14 ಲಕ್ಷ ಪಣಕ್ಕಿಟ್ಟಂತಾಯಿತು.

ಬೆಂಕಿಗೂ ಮೊದಲೇ ಹೇಳಿದ ಸುಳ್ಳೂ ಈ ಹೊತ್ತಿನಲ್ಲಿ ಎದುರಿಗೆ ಬರುತ್ತದೆ. ಹೆಚ್ಚು ಸಾಲ ಸಿಗಲೆಂದು ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ದಾಸ್ತಾನು ಪಟ್ಟಿಯಲ್ಲಿ ಉಬ್ಬಿಸಿ ಬರೆಯುವವರಿದ್ದಾರೆ. ತೆರಿಗೆಗೆಂದು ದಾಸ್ತಾನನ್ನು ತಗ್ಗಿಸಿ ತೋರಿಸುವವರೂ ಇದ್ದಾರೆ. ಸರ್ವೇಯರ್ ಎರಡನ್ನೂ ತರಿಸಿ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡು ಕಾಗದ ಎರಡು ಮಾತು ಹೇಳಿದರೆ, ನಿಜವಾದ ನಷ್ಟವನ್ನೂ ಸಾಬೀತು ಮಾಡುವುದು ಕಷ್ಟ.

ಅಂದಾಜು ತಪ್ಪುವುದು ಮೋಸವಲ್ಲ ಎಂಬುದನ್ನೂ ಗಟ್ಟಿಯಾಗಿ ಹೇಳಬೇಕು. ಗಾಬರಿಯಲ್ಲಿ ಹೆಚ್ಚು ಬರೆದದ್ದು ಆಮೇಲೆ ಗೊತ್ತಾದರೆ ಸರ್ವೇ ವರದಿ ಹೋಗುವ ಮುಂಚೆಯೇ ಪತ್ರ ಬರೆದು ತಿದ್ದಬೇಕು, ಅದರ ಪ್ರತಿ ಇಟ್ಟುಕೊಳ್ಳಬೇಕು. ಮೋಸ ಎಂದು ಆರೋಪಿಸಿದರೆ ಅದನ್ನು ಸಾಬೀತು ಮಾಡುವ ಹೊಣೆ ಕಂಪನಿಯದು. ಸರ್ವೇಯರ್ ಅನ್ಯಾಯವಾಗಿ ಕಡಿತ ಮಾಡಿದ್ದಾರೆ ಅನ್ನಿಸಿದರೆ ವರದಿಯ ಪ್ರತಿ ಕೇಳಿ ಪಡೆದು ಗ್ರಾಹಕ ಆಯೋಗಕ್ಕೆ ಹೋಗಬಹುದು. ಸರ್ವೇ ವರದಿಯೇ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಅಲ್ಲಿ ನಿಲ್ಲಲು ಬೇಕಾದದ್ದು ತಾಳೆಯಾಗುವ ಬಿಲ್ಲುಗಳು, ಮತ್ತು ರಾಶಿ ಕದಲಿಸುವ ಮುಂಚೆ ತೆಗೆದ ಫೋಟೋಗಳು.